ಮೂರು ಶಂಕುಗಳ ಲೆಕ್ಕ: ಕಣ್ಣು ಬಣ್ಣ ಕಾಣುವ ಬಗೆ

ಟೀವಿಯಲ್ಲಿ ಮದುವೆಯ ದೃಶ್ಯ ಬರುತ್ತಿದೆ. ಮದುಮಗಳು ಹಳದಿ ಸೀರೆ ಉಟ್ಟಿದ್ದಾಳೆ. ಸೀರೆ ಹಳದಿ ಎಂಬುದರಲ್ಲಿ ಮನೆಯವರಾರಿಗೂ ಅನುಮಾನವಿಲ್ಲ. ಆದರೆ ಆ ಪರದೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಿ ಹಳದಿ ಬೆಳಕನ್ನು ಸೂಸುವ ಚುಕ್ಕಿಯೇ ಸಿಗುವುದಿಲ್ಲ. ಸಾಮಾನ್ಯ ಟೀವಿಯಲ್ಲೂ ಮೊಬೈಲ್ ಫೋನಿನಲ್ಲೂ ಇರುವುದು ಕೆಂಪು, ಹಸಿರು, ನೀಲಿ ಎಂಬ ಮೂರು ಬಗೆಯ ಸಣ್ಣ ಚುಕ್ಕಿಗಳು. ಹಳದಿ ಸೀರೆಯ ಜಾಗದಲ್ಲಿ ಕೆಂಪು ಮತ್ತು ಹಸಿರು ಚುಕ್ಕಿಗಳು ಬೆಳಗುತ್ತಿರುತ್ತವೆ, ಅಷ್ಟೆ. ಹಾಗಾದರೆ ಹಳದಿ ಎಲ್ಲಿಂದ ಬಂತು?

ಪ್ರೌಢಶಾಲೆಯೊಂದರ ವಿಜ್ಞಾನ ಸಂಘದಲ್ಲಿ ಜೀವಶಾಸ್ತ್ರದ ಮೇಷ್ಟ್ರು ಮಾಡಿದ ಭಾಷಣ ಈ ಪ್ರಶ್ನೆಯಿಂದಲೇ ಶುರುವಾಯಿತು. ಎಂಟರಿಂದ ಹತ್ತನೆಯ ತರಗತಿಯ ಮಕ್ಕಳು ಮುಂದೆ ಕುಳಿತಿದ್ದರು, ಪೋಷಕರು ಹಿಂದಿನ ಬೆಂಚುಗಳಲ್ಲಿ. ಮೇಜಿನ ಮೇಲಿದ್ದ ಸಲಕರಣೆ ಬಹಳವೇನಲ್ಲ: ಎರಡು ಟಾರ್ಚು, ಹಬ್ಬದ ಅಲಂಕಾರಕ್ಕೆ ತರುವ ಕೆಂಪು ಮತ್ತು ಹಸಿರು ಜಿಲೆಟಿನ್ ಕಾಗದ, ಕಟ್ಟಲು ರಬ್ಬರ್ ಬ್ಯಾಂಡು. ಕಿಟಕಿಗಳನ್ನು ಮುಚ್ಚಿಸಿ, ಒಂದು ಟಾರ್ಚಿಗೆ ಕೆಂಪು ಕಾಗದವನ್ನೂ ಇನ್ನೊಂದಕ್ಕೆ ಹಸಿರು ಕಾಗದವನ್ನೂ ಕಟ್ಟಿ, ಬಿಳಿ ಗೋಡೆಯ ಮೇಲೆ ಎರಡು ವೃತ್ತಗಳನ್ನು ಬೀಳಿಸಿದರು.

"ಎರಡನ್ನೂ ಒಂದರ ಮೇಲೊಂದು ತಂದರೆ ಏನಾಗುತ್ತದೆ?" ಎಂದರು.

"ಮಣ್ಣಿನ ಬಣ್ಣ ಸಾರ್" ಎಂದರು ಹಲವರು. ಚಿತ್ರ ಬರೆಯುವಾಗ ಕೆಂಪಿಗೆ ಹಸಿರು ಬೆರೆಸಿ ಕೆಟ್ಟ ಅನುಭವ ಅವರಿಗೆಲ್ಲ ಇತ್ತು. ಆದರೆ ವೃತ್ತಗಳು ಕೂಡಿದ ಜಾಗ ಮೊದಲು ಕಿತ್ತಳೆಯಾಗಿ ಕಾಣಿಸಿತು. ಮೇಷ್ಟ್ರು ಕೆಂಪು ಟಾರ್ಚನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಕಿತ್ತಳೆ ತಿಳಿಯಾಗುತ್ತ ಹಳದಿಗೆ ಬಂತು. ಇನ್ನಷ್ಟು ಹಿಂದಕ್ಕೆ ಸರಿಸಿದಾಗ ಹಳದಿ ಹಸಿರಿನ ಕಡೆ ವಾಲಿತು. ಮತ್ತೆ ಒಂದು ಹೆಜ್ಜೆ ಮುಂದೆ ಬಂದರೆ ಹಳದಿ. ಮನೆಯಲ್ಲಿ ಮಾಡಿ ನೋಡುವವರು ಇದನ್ನು ನೆನಪಿಡಬೇಕು. ಹಳದಿ ಬರದಿದ್ದರೆ ಪ್ರಯೋಗ ತಪ್ಪಿತೆಂದಲ್ಲ, ಎರಡು ಬೆಳಕುಗಳ ಪ್ರಮಾಣ ಸರಿಹೊಂದಿಲ್ಲ ಎಂದರ್ಥ.

ಬಣ್ಣದ ಪುಡಿ ಬೆರೆಸುವುದಕ್ಕೂ ಬೆಳಕು ಬೆರೆಸುವುದಕ್ಕೂ ವ್ಯತ್ಯಾಸವಿದೆ. ಪುಡಿ ಬೆಳಕನ್ನು ನುಂಗುತ್ತದೆ. ಕೆಂಪು ಪುಡಿ ಹಸಿರು ಬೆಳಕನ್ನು ನುಂಗುತ್ತದೆ, ಹಸಿರು ಪುಡಿ ಕೆಂಪು ಬೆಳಕನ್ನು ನುಂಗುತ್ತದೆ. ಎರಡೂ ಸೇರಿದರೆ ಹೊರಬರುವ ಬೆಳಕೇ ಕಡಿಮೆಯಾಗಿ ಬಣ್ಣ ಮಂಕಾಗುತ್ತದೆ. ಟಾರ್ಚುಗಳ ವಿಷಯದಲ್ಲಿ ಹಾಗಲ್ಲ. ಅಲ್ಲಿ ಒಂದು ಬೆಳಕಿಗೆ ಇನ್ನೊಂದು ಬೆಳಕು ಕೂಡುತ್ತದೆ. ಗೋಡೆಯಿಂದ ಕಣ್ಣಿಗೆ ಬರುವುದು ಕೆಂಪು ಬೆಳಕು ಮತ್ತು ಹಸಿರು ಬೆಳಕು ಎರಡೂ. ಅವು ಗಾಳಿಯಲ್ಲಿ ಬೆರೆತು ಹಳದಿ ಬೆಳಕಾಗಿ ಬದಲಾಗುವುದಿಲ್ಲ. ಹಳದಿ ಎಂಬ ತೀರ್ಮಾನವಾಗುವುದು ಗೋಡೆಯಲ್ಲಲ್ಲ, ನೋಡುವವರ ಕಣ್ಣು ಮತ್ತು ಮಿದುಳಿನಲ್ಲಿ.

ಅಕ್ಷಿಪಟಲದ ಎರಡು ಪಂಗಡ

ಕಣ್ಣಿನ ಒಳಗೋಡೆಗೆ ಹಿಂಭಾಗದಲ್ಲಿ ತೆಳುವಾದ ಪೊರೆಯೊಂದು ಅಂಟಿಕೊಂಡಿದೆ. ಅದೇ ಅಕ್ಷಿಪಟಲ, ಅಂದರೆ ರೆಟಿನಾ. ಹೊರಗಿನ ದೃಶ್ಯ ತಲೆಕೆಳಗಾಗಿ ಮೂಡುವುದು ಇದರ ಮೇಲೆ. ಬೆಳಕನ್ನು ಹಿಡಿಯುವ ಕೋಶಗಳು ಇಲ್ಲಿ ಎರಡು ಪಂಗಡದವು. ಉದ್ದನೆಯ ಕಡ್ಡಿಯಂತಿರುವವು ದಂಡಕೋಶಗಳು. ತುದಿ ಚೂಪಾಗಿ ಶಂಕುವಿನಂತಿರುವವು ಶಂಕುಕೋಶಗಳು. ಒಂದು ಕಣ್ಣಿನಲ್ಲಿ ಸುಮಾರು 12 ಕೋಟಿ ದಂಡಕೋಶಗಳೂ ಸುಮಾರು 60 ಲಕ್ಷ ಶಂಕುಕೋಶಗಳೂ ಇವೆ.

ಸಂಖ್ಯೆಯಲ್ಲಿ ದಂಡಕೋಶಗಳದೇ ಮೇಲುಗೈಯಾದರೂ ಅವುಗಳ ಕೆಲಸ ಮಬ್ಬುಬೆಳಕಿನಲ್ಲಿ. ಹಗಲಿನಲ್ಲಿ ಓದುವುದು, ಮುಖ ಗುರುತಿಸುವುದು, ಬಣ್ಣ ಕಾಣುವುದು ಎಲ್ಲ ಶಂಕುಗಳ ಪಾಲು. ನಾವು ದಿಟ್ಟಿಸಿ ನೋಡುವ ವಸ್ತುವಿನ ಬಿಂಬ ಬೀಳುವ ಜಾಗದಲ್ಲಿ ಒಂದು ಪುಟ್ಟ ತಗ್ಗಿದೆ. ಅದರ ನಡುವೆ ದಂಡಕೋಶಗಳೇ ಇಲ್ಲ. ಶಂಕುಗಳು ಮಾತ್ರ ಒತ್ತೊತ್ತಾಗಿ ನಿಂತಿವೆ.

ಶಂಕುಗಳಲ್ಲಿ ಮತ್ತೆ ಮೂರು ಬಗೆ. ಬೆಳಕು ಅಲೆಯ ರೂಪದಲ್ಲಿ ಚಲಿಸುತ್ತದೆ. ಈ ಅಲೆಯ ಉದ್ದವನ್ನು ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರು. ಕಣ್ಣಿಗೆ ಕಾಣುವ ಬೆಳಕು ಸುಮಾರು 400 ನ್ಯಾನೋಮೀಟರಿನ ನೇರಳೆಯಿಂದ 700 ನ್ಯಾನೋಮೀಟರಿನ ಕಡುಗೆಂಪಿನವರೆಗೆ ಹರಡಿದೆ. ಒಂದು ಬಗೆಯ ಶಂಕು ಸುಮಾರು 420 ನ್ಯಾನೋಮೀಟರಿನ ಗಿಡ್ಡ ಅಲೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ಇನ್ನೊಂದಕ್ಕೆ 530ರ ಸುತ್ತಲಿನ ನಡುವಿನ ಅಲೆಗಳು ಇಷ್ಟ. ಮೂರನೆಯದಕ್ಕೆ 560ರ ಸುತ್ತಲಿನ ಉದ್ದ ಅಲೆಗಳು. ಮೇಷ್ಟ್ರು ಹಲಗೆಯ ಮೇಲೆ ಇವುಗಳಿಗೆ ಗಿಡ್ಡಲೆ ಶಂಕು, ನಡುವಲೆ ಶಂಕು, ಉದ್ದಲೆ ಶಂಕು ಎಂದು ಹೆಸರು ಬರೆದರು.

"ನಮ್ಮ ಪುಸ್ತಕದಲ್ಲಿ ನೀಲಿ ಶಂಕು, ಹಸಿರು ಶಂಕು, ಕೆಂಪು ಶಂಕು ಅಂತಿದೆಯಲ್ಲ ಸಾರ್?" ಎಂದು ಒಬ್ಬಳು ಕೇಳಿದಳು.

ಪುಸ್ತಕದ ಹೆಸರುಗಳು ನೆನಪಿಗೆ ಅನುಕೂಲ, ಆದರೆ ತಪ್ಪುದಾರಿಗೆ ಎಳೆಯುತ್ತವೆ ಎಂದು ಮೇಷ್ಟ್ರು ಬಿಡಿಸಿ ಹೇಳಿದರು. 560 ನ್ಯಾನೋಮೀಟರಿನ ಬೆಳಕು ಕೆಂಪಲ್ಲ, ಹಳದಿಯ ಕಡೆ ವಾಲಿದ ಹಸಿರು. ಅಂದರೆ 'ಕೆಂಪು ಶಂಕು' ಎನ್ನಿಸಿಕೊಂಡದ್ದು ಕೆಂಪಿಗಿಂತ ಹಸಿರು ಹಳದಿಗೇ ಹೆಚ್ಚು ಸ್ಪಂದಿಸುತ್ತದೆ. ಉದ್ದಲೆ ಮತ್ತು ನಡುವಲೆ ಶಂಕುಗಳ ಕ್ಷೇತ್ರಗಳು ಅಕ್ಕಪಕ್ಕದ ಹೊಲಗಳಂತೆ ಬೇರೆಬೇರೆಯಾಗಿಲ್ಲ. ಬಹುಮಟ್ಟಿಗೆ ಒಂದರ ಮೇಲೊಂದು ಹಾಸಿಕೊಂಡಿವೆ. ಒಂದೊಂದು ಬಣ್ಣಕ್ಕೆ ಒಂದೊಂದು ಶಂಕು ಎಂದು ತಿಳಿದರೆ ಮುಂದಿನದೊಂದೂ ಅರ್ಥವಾಗುವುದಿಲ್ಲ.

ಗಂಟೆ ಹೊಡೆದವರು ಯಾರು?

ಶಂಕುವಿನೊಳಗೆ ತಟ್ಟೆಗಳನ್ನು ಪೇರಿಸಿಟ್ಟಂತೆ ಪದರಗಳಿವೆ. ಆ ಪದರಗಳಲ್ಲಿ ಬೆಳಕು ಹಿಡಿಯುವ ವರ್ಣದ್ರವ್ಯವಿದೆ. ಇದರಲ್ಲಿ ಎರಡು ಭಾಗ. ಒಂದು, ಆಪ್ಸಿನ್ ಎಂಬ ಪ್ರೋಟೀನು. ಇನ್ನೊಂದು, ಅದರ ಹೊಟ್ಟೆಯಲ್ಲಿ ಸಿಕ್ಕಿಕೊಂಡಿರುವ ರೆಟಿನಾಲ್ ಎಂಬ ಸಣ್ಣ ಅಣು. ಈ ರೆಟಿನಾಲ್ ತಯಾರಾಗುವುದು ಎ ಜೀವಸತ್ವದಿಂದ. ಕತ್ತಲೆಯಲ್ಲಿ ಅದು ಸೊಟ್ಟಗೆ ಬಾಗಿಕೊಂಡಿರುತ್ತದೆ. ಬೆಳಕಿನ ಒಂದು ಕಣ ತಾಗಿತೆಂದರೆ ನೆಟ್ಟಗಾಗುತ್ತದೆ. ಅದು ನೆಟ್ಟಗಾದಾಗ ಸುತ್ತಲಿನ ಪ್ರೋಟೀನಿನ ಆಕಾರವೂ ಬದಲಾಗುತ್ತದೆ. ಅಲ್ಲಿಂದ ಒಂದರ ಹಿಂದೊಂದು ರಾಸಾಯನಿಕ ಕ್ರಿಯೆಗಳು ನಡೆದು, ಶಂಕುವಿನಿಂದ ಮುಂದಿನ ನರಕೋಶಕ್ಕೆ ಸಂಜ್ಞೆ ಹೋಗುತ್ತದೆ. ಮೂರು ಬಗೆಯ ಶಂಕುಗಳಲ್ಲೂ ರೆಟಿನಾಲ್ ಒಂದೇ. ಆಪ್ಸಿನ್ ಮಾತ್ರ ಸ್ವಲ್ಪ ಸ್ವಲ್ಪ ಬೇರೆ. ಯಾವ ಅಲೆ ಸುಲಭವಾಗಿ ಹಿಡಿಸುತ್ತದೆ ಎಂಬುದನ್ನು ಆ ವ್ಯತ್ಯಾಸವೇ ನಿರ್ಧರಿಸುತ್ತದೆ.

ಈಗ ಮುಖ್ಯ ಸಂಗತಿ. ಬೆಳಕಿನ ಕಣ ಒಮ್ಮೆ ಶಂಕುವಿಗೆ ಸಿಕ್ಕಿಬಿದ್ದ ಮೇಲೆ ಅದು ಕೆಂಪಿನದೋ ಹಸಿರಿನದೋ ಎಂಬ ಗುರುತು ಉಳಿಯುವುದಿಲ್ಲ. ಯಾವ ಬಣ್ಣದ ಕಣ ಬಂದರೂ ಅಣು ನೆಟ್ಟಗಾಗುವ ರೀತಿ ಒಂದೇ.

"ದೇವಸ್ಥಾನದ ಗಂಟೆಯನ್ನು ನೆನೆಸಿಕೊಳ್ಳಿ. ಗರ್ಭಗುಡಿಯೊಳಗೆ ಇರುವ ಅರ್ಚಕರಿಗೆ ಗಂಟೆ ಎಷ್ಟು ಸಲ ಹೊಡೆಯಿತು ಎಂದು ತಿಳಿಯುತ್ತದೆ. ಹೊಡೆದವರು ಊರ ಗೌಡರೋ ದಾರಿಹೋಕರೋ ತಿಳಿಯುವುದಿಲ್ಲ. ಶಂಕುವೂ ಹಾಗೆ. ಅದಕ್ಕೆ ಎಣಿಸಲು ಬರುತ್ತದೆ, ಗುರುತಿಸಲು ಬರುವುದಿಲ್ಲ" ಎಂದರು ಮೇಷ್ಟ್ರು.

ಹಾಗಾದರೆ ಉದ್ದಲೆ ಶಂಕು ಒಂದೇ ಇದ್ದಿದ್ದರೆ ಅದಕ್ಕೆ ಬಣ್ಣ ಕಾಣುತ್ತಿರಲಿಲ್ಲ. ಪ್ರಖರವಾದ ಕೆಂಪು ಬೆಳಕೂ ಮಂದವಾದ ಹಸಿರು ಬೆಳಕೂ ಅದರಲ್ಲಿ ಒಂದೇ ಎಣಿಕೆಯನ್ನು ಮೂಡಿಸಬಲ್ಲವು. ಇದು ಬರೀ ವಾದವಲ್ಲ, ರಾತ್ರಿ ಯಾರಾದರೂ ನೋಡಬಹುದಾದ ಸಂಗತಿ. ಮಬ್ಬಿನಲ್ಲಿ ಶಂಕುಗಳು ಕೈಚೆಲ್ಲಿ, ದಂಡಕೋಶಗಳು ಮಾತ್ರ ಕೆಲಸ ಮಾಡುತ್ತವೆ. ದಂಡಕೋಶದಲ್ಲಿರುವುದು ಒಂದೇ ಬಗೆಯ ವರ್ಣದ್ರವ್ಯ. ಆದ್ದರಿಂದಲೇ ಬೆಳದಿಂಗಳಿನಲ್ಲಿ ಹಿತ್ತಲಿನ ಗಿಡ, ಹೂ, ಒಣಹಾಕಿದ ಬಟ್ಟೆ ಎಲ್ಲವೂ ಬೂದುಬಣ್ಣಕ್ಕೆ ತಿರುಗುತ್ತವೆ. ಕೆಂಪು ದಾಸವಾಳವಂತೂ ಕಪ್ಪಾಗಿಯೇ ಕಾಣುತ್ತದೆ, ಏಕೆಂದರೆ ಉದ್ದ ಅಲೆಗಳನ್ನು ದಂಡಕೋಶ ಹೆಚ್ಚುಕಡಿಮೆ ಹಿಡಿಯುವುದೇ ಇಲ್ಲ. ವಿದ್ಯುತ್ ಹೋದ ರಾತ್ರಿ ಹತ್ತು ಹದಿನೈದು ನಿಮಿಷ ಕತ್ತಲೆಯಲ್ಲಿ ಕುಳಿತು, ಬಣ್ಣದ ಕಾಗದದ ತುಂಡುಗಳನ್ನು ವಿಂಗಡಿಸಲು ಮಕ್ಕಳಿಗೆ ಹೇಳಿ ನೋಡಿ. ತಿಳಿಬಣ್ಣ ಯಾವುದು, ಕಡುಬಣ್ಣ ಯಾವುದು ಎಂದು ಹೇಳಿಯಾರು. ಬಣ್ಣದ ಹೆಸರು ಹೇಳಲಾರರು.

ಹಳದಿಯ ಲೆಕ್ಕ

ಒಂದು ಶಂಕುವಿಗೆ ಬಣ್ಣ ತಿಳಿಯದಿದ್ದರೆ ಮೂರು ಸೇರಿದಾಗ ಹೇಗೆ ತಿಳಿಯುತ್ತದೆ? ಉತ್ತರ: ಹೋಲಿಕೆಯಿಂದ. ಮೂರರ ಎಣಿಕೆಗಳನ್ನು ಅಕ್ಷಿಪಟಲದ ಮುಂದಿನ ನರಕೋಶಗಳೂ ಮಿದುಳೂ ಹೋಲಿಸಿ ನೋಡುತ್ತವೆ. ಉದ್ದಲೆಯ ಎಣಿಕೆಗೂ ನಡುವಲೆಯ ಎಣಿಕೆಗೂ ಇರುವ ವ್ಯತ್ಯಾಸ ಎಷ್ಟು, ಅವೆರಡಕ್ಕೂ ಗಿಡ್ಡಲೆಗೂ ಇರುವ ವ್ಯತ್ಯಾಸ ಎಷ್ಟು ಎಂಬುದರ ಮೇಲೆ ಬಣ್ಣದ ತೀರ್ಮಾನವಾಗುತ್ತದೆ.

ಮೇಷ್ಟ್ರು ಹಲಗೆಯ ಮೇಲೆ ಒಂದು ಲೆಕ್ಕ ಮಾಡಿ ತೋರಿಸಿದರು. ಅಂಕಿಗಳು ಲೆಕ್ಕದ ಅನುಕೂಲಕ್ಕೆ ದುಂಡಗೆ ಮಾಡಿದವು, ಆದರೆ ಅವುಗಳ ಪರಸ್ಪರ ಪ್ರಮಾಣ ನಿಜದಿಂದ ದೂರವೇನಲ್ಲ. ಕಡಿಮೆ ಒತ್ತಡದ ಸೋಡಿಯಂ ದೀಪದ ಬೆಳಕು ಅಚ್ಚ ಹಳದಿ. ಅದರ ಬೆಳಕು ಕಣ್ಣಿಗೆ ಬಿದ್ದಾಗ ಉದ್ದಲೆ ಶಂಕು 80 ಎಣಿಸಿತು, ನಡುವಲೆ ಶಂಕು 40 ಎಣಿಸಿತು ಎನ್ನೋಣ. ಗಿಡ್ಡಲೆ ಶಂಕುವಿನ ಎಣಿಕೆ ಸೊನ್ನೆ.

ಇನ್ನು ಟಾರ್ಚುಗಳು. ಕೆಂಪು ಬೆಳಕನ್ನು ಉದ್ದಲೆ ಶಂಕು ಹೆಚ್ಚು ಹಿಡಿಯುತ್ತದೆ, ನಡುವಲೆ ಶಂಕು ಬಹಳ ಕಡಿಮೆ ಹಿಡಿಯುತ್ತದೆ. ಆದ್ದರಿಂದ ಕೆಂಪು ಟಾರ್ಚಿನಿಂದ ಉದ್ದಲೆಯಲ್ಲಿ 50, ನಡುವಲೆಯಲ್ಲಿ 10. ಹಸಿರು ಬೆಳಕು ಎರಡಕ್ಕೂ ಹೆಚ್ಚುಕಡಿಮೆ ಸಮ. ಹಸಿರು ಟಾರ್ಚಿನಿಂದ ಉದ್ದಲೆಯಲ್ಲಿ 30, ನಡುವಲೆಯಲ್ಲಿ 30. ಎರಡು ಟಾರ್ಚೂ ಒಟ್ಟಿಗೆ ಬಿದ್ದಾಗ ಉದ್ದಲೆಯ ಎಣಿಕೆ 50 ಕೂಡಿಸು 30, ಅಂದರೆ 80. ನಡುವಲೆಯದು 10 ಕೂಡಿಸು 30, ಅಂದರೆ 40.

ಸೋಡಿಯಂ ದೀಪದಿಂದಲೂ 80 ಮತ್ತು 40. ಟಾರ್ಚುಗಳಿಂದಲೂ 80 ಮತ್ತು 40. ಮಿದುಳಿಗೆ ಬಂದ ವರದಿ ಒಂದೇ ಆದ್ದರಿಂದ ಅದು ಕೊಡುವ ತೀರ್ಪೂ ಒಂದೇ: ಹಳದಿ. ಒಂದು ಅಚ್ಚ ಬೆಳಕು, ಇನ್ನೊಂದು ಎರಡು ಬೆಳಕುಗಳ ಬೆರಕೆ ಎಂಬ ಭೇದ ಕಣ್ಣಿಗೆ ತಿಳಿಯುವ ದಾರಿಯೇ ಇಲ್ಲ. ಗಾಜಿನ ಪಟ್ಟಕವೊಂದನ್ನು ಹಿಡಿದರೆ ಬೆರಕೆ ಬೆಳಕು ಬೇರೆಬೇರೆಯಾಗಿ ಒಡೆಯುತ್ತದೆ, ಅಚ್ಚ ಹಳದಿ ಒಡೆಯುವುದಿಲ್ಲ. ಪಟ್ಟಕಕ್ಕೆ ಸಾಧ್ಯವಾದದ್ದು ಕಣ್ಣಿಗೆ ಸಾಧ್ಯವಿಲ್ಲ. ಟೀವಿಯವರ ಕಸುಬು ನಡೆದಿರುವುದು ಕಣ್ಣಿನ ಈ ಮಿತಿಯಿಂದಲೇ. ಅವರು ಸೀರೆಯ ಬೆಳಕನ್ನು ಮನೆಗೆ ಕಳಿಸುವುದಿಲ್ಲ. ಸೀರೆ ನಮ್ಮ ಮೂರು ಶಂಕುಗಳಲ್ಲಿ ಮೂಡಿಸುತ್ತಿದ್ದ ಮೂರು ಎಣಿಕೆಗಳನ್ನು ಮಾತ್ರ ಕಳಿಸುತ್ತಾರೆ.

ಇದನ್ನು ಬಹಳ ಹಿಂದೆಯೇ ಊಹಿಸಿದವನು ಇಂಗ್ಲೆಂಡಿನ ವೈದ್ಯ ಥಾಮಸ್ ಯಂಗ್. ಶಂಕುಕೋಶವನ್ನು ಯಾರೂ ಗುರುತಿಸಿರದ ಕಾಲ ಅದು. ಬಣ್ಣಗಳು ಲೆಕ್ಕವಿಲ್ಲದಷ್ಟಿವೆ, ಆದರೆ ಅಕ್ಷಿಪಟಲದ ಒಂದೊಂದು ಬಿಂದುವಿನಲ್ಲೂ ಲೆಕ್ಕವಿಲ್ಲದಷ್ಟು ಬಗೆಯ ಗ್ರಾಹಕಗಳನ್ನು ತುರುಕಲು ಜಾಗವೆಲ್ಲಿ ಎಂದು ಅವನು ಯೋಚಿಸಿದ. ಮೂರು ಬಗೆ ಇದ್ದರೆ ಸಾಕು ಎಂದು 1802ರಲ್ಲಿ ಪ್ರಕಟವಾದ ಅವನ ಉಪನ್ಯಾಸದಲ್ಲಿದೆ.

ಡಾಲ್ಟನ್ ಕಂಡ ಹೂ

"ಮೂರರಲ್ಲಿ ಒಂದು ಇಲ್ಲದಿದ್ದರೆ?" ಎಂದು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ. ಮೇಷ್ಟ್ರು ಹಲಗೆಯ ಮೇಲಿನ ನಡುವಲೆಯ ಸಾಲನ್ನು ಪೂರ್ತಿ ಅಳಿಸಿ, "ಈಗ ನೀವೇ ಹೇಳಿ" ಎಂದರು.

ಉಳಿದದ್ದು ಉದ್ದಲೆಯ ಎಣಿಕೆ ಮಾತ್ರ. ಹಳದಿ ದೀಪಕ್ಕೆ 80. ಕೆಂಪು ಟಾರ್ಚಿಗೆ 50, ಆದರೆ ಟಾರ್ಚನ್ನು ಹತ್ತಿರ ತಂದರೆ ಅದೂ 80 ಆಗುತ್ತದೆ. ಹಸಿರು ಟಾರ್ಚಿಗೆ 30, ಇನ್ನೂ ಹತ್ತಿರ ತಂದರೆ ಅದೂ 80. ಹೋಲಿಸಲು ಜೊತೆಗಾರನಿಲ್ಲ. ಗಿಡ್ಡಲೆ ಶಂಕು ಇದೆ ನಿಜ, ಆದರೆ ಈ ಮೂರು ಬೆಳಕುಗಳಿಗೂ ಅದರ ಎಣಿಕೆ ಹೆಚ್ಚುಕಡಿಮೆ ಸೊನ್ನೆ. ಹೀಗಾಗಿ ಕೆಂಪು, ಹಳದಿ, ಹಸಿರು ಮೂರೂ ಒಂದೇ ಬಣ್ಣದ ಹೆಚ್ಚು ಕಡಿಮೆ ಪ್ರಖರತೆಗಳಾಗಿ ಕಾಣುತ್ತವೆ. ಇದೇ ಕೆಂಪು-ಹಸಿರು ವರ್ಣಾಂಧತೆ. ವರ್ಣಾಂಧ ಎಂದರೆ ಪ್ರಪಂಚವೆಲ್ಲ ಕಪ್ಪುಬಿಳುಪಾಗಿ ಕಾಣುವವನು ಎಂದು ಹಲವರು ತಿಳಿದಿದ್ದಾರೆ. ಅದು ತೀರ ಅಪರೂಪ. ಸಾಮಾನ್ಯ ವರ್ಣಾಂಧರಿಗೆ ನೀಲಿಗೂ ಹಳದಿಗೂ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ.

ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಹೆಸರು ರಸಾಯನಶಾಸ್ತ್ರದ ಪಾಠದಿಂದ ಎಲ್ಲ ಮಕ್ಕಳಿಗೂ ಗೊತ್ತು. ಅವನೂ ವರ್ಣಾಂಧ. ಅದು ಅವನಿಗೆ ತಿಳಿದದ್ದು 1792ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಒಂದು ಜೆರೇನಿಯಂ ಹೂವಿನಿಂದ. ಉಳಿದವರು ಗುಲಾಬಿ ಎನ್ನುತ್ತಿದ್ದ ಆ ಹೂ ಹಗಲಿನಲ್ಲಿ ಅವನಿಗೆ ಆಕಾಶನೀಲಿಯಾಗಿ ಕಾಣುತ್ತಿತ್ತು. ಒಂದು ಸಂಜೆ ಮೇಣದ ಬತ್ತಿಯ ಬೆಳಕಿನಲ್ಲಿ ನೋಡಿದರೆ ನೀಲಿಯ ಸುಳಿವೇ ಇಲ್ಲ, ಕೆಂಪು! ಸ್ನೇಹಿತರನ್ನು ಕೇಳಿದ. ಅವರಿಗೆ ಅಂಥ ಬದಲಾವಣೆಯೇನೂ ಕಾಣಲಿಲ್ಲ. ಅವನ ಅಣ್ಣನಿಗೆ ಮಾತ್ರ ಅವನಂತೆಯೇ ಕಂಡಿತು.

ಈಗಿನ ತಿಳುವಳಿಕೆಯಿಂದ ನೋಡಿದರೆ ಇದರ ಲೆಕ್ಕ ಸುಲಭ. ಗುಲಾಬಿ ಬಣ್ಣದ ಹೂ ಗಿಡ್ಡ ಅಲೆ ಮತ್ತು ಉದ್ದ ಅಲೆ ಎರಡನ್ನೂ ಹಿಂದಕ್ಕೆ ಕಳಿಸುತ್ತದೆ, ನಡುವಿನ ಅಲೆಗಳನ್ನು ಹೆಚ್ಚಾಗಿ ನುಂಗುತ್ತದೆ. ನಡುವಲೆ ಶಂಕುವಿನ ಎಣಿಕೆ ಉದ್ದಲೆಗಿಂತ ಕಡಿಮೆಯಾಗುವುದನ್ನು ನೋಡಿಯೇ ನಮ್ಮ ಕಣ್ಣು ಅದರಲ್ಲಿ ಕೆಂಪಿನ ಅಂಶವನ್ನು ಕಾಣುವುದು. ಡಾಲ್ಟನ್ನನಿಗೆ ಆ ಹೋಲಿಕೆ ಇಲ್ಲ. ಅವನಿಗಿದ್ದದ್ದು ಗಿಡ್ಡಲೆ ಮತ್ತು ಉದ್ದಲೆಗಳ ನಡುವಿನ ಹೋಲಿಕೆ ಮಾತ್ರ. ಹಗಲಿನಲ್ಲಿ ಗಿಡ್ಡ ಅಲೆ ಧಾರಾಳವಾಗಿರುವುದರಿಂದ ತೂಕ ನೀಲಿಯ ಕಡೆ. ಮೇಣದ ಬತ್ತಿಯ ಬೆಳಕಿನಲ್ಲಿ ಗಿಡ್ಡ ಅಲೆಗಳು ಬಹಳ ಕಡಿಮೆ, ತಕ್ಕಡಿ ಪೂರ್ತಿ ಇನ್ನೊಂದು ಕಡೆಗೆ ವಾಲಿತು.

ಡಾಲ್ಟನ್ 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ ಸಭೆಯಲ್ಲಿ ಇದನ್ನೆಲ್ಲ ವಿವರಿಸಿದ. ತನ್ನ ಕಣ್ಣುಗುಡ್ಡೆಯೊಳಗಿನ ದ್ರವ ನೀಲಿಯಾಗಿದ್ದು ಅದು ಕೆಂಪು ಬೆಳಕನ್ನು ನುಂಗುತ್ತಿರಬೇಕು ಎಂಬುದು ಅವನು ಕೊಟ್ಟ ಕಾರಣ. ಸತ್ತ ಮೇಲೆ ತನ್ನ ಕಣ್ಣುಗಳನ್ನು ಪರೀಕ್ಷಿಸಿ ನೋಡಬೇಕೆಂದು ಹೇಳಿಟ್ಟ. 1844ರಲ್ಲಿ ಅವನು ತೀರಿಕೊಂಡಾಗ ವೈದ್ಯ ಜೋಸೆಫ್ ರಾನ್ಸಮ್ ಒಂದು ಕಣ್ಣನ್ನು ಕೊಯ್ದು ದ್ರವವನ್ನು ಗಾಜಿನ ಬಟ್ಟಲಿಗೆ ಸುರಿದು ನೋಡಿದ. ಅದು ತಿಳಿನೀರಿನಂತೆ ಸ್ವಚ್ಛವಾಗಿತ್ತು. ಇನ್ನೊಂದು ಕಣ್ಣಿನ ಹಿಂಭಾಗದಲ್ಲಿ ಕಿಂಡಿ ಮಾಡಿ ಅದರ ಮೂಲಕ ಕೆಂಪು ಹಸಿರು ವಸ್ತುಗಳನ್ನು ನೋಡಿದ. ಬಣ್ಣ ಬದಲಾಗಲಿಲ್ಲ. ಡಾಲ್ಟನ್ನನ ಊಹೆ ಸುಳ್ಳಾಯಿತು. ದೋಷವಿದ್ದದ್ದು ದ್ರವದಲ್ಲಲ್ಲ, ಅದರ ಹಿಂದಿನ ಅಕ್ಷಿಪಟಲದಲ್ಲಿ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಕಣ್ಣಿನ ತುಣುಕುಗಳನ್ನು ಮ್ಯಾಂಚೆಸ್ಟರಿನ ಸಭೆ ಕಾಪಾಡಿಕೊಂಡು ಬಂದಿತ್ತು. ನೂರೈವತ್ತು ವರ್ಷಗಳ ನಂತರ ವಿಜ್ಞಾನಿಗಳು ಅದರಿಂದ ಡಿ.ಎನ್.ಎ. ತೆಗೆದು ಪರೀಕ್ಷಿಸಿದರು. 1995ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅವನಲ್ಲಿ ಇಲ್ಲದಿದ್ದದ್ದು ನಡುವಲೆ ಶಂಕುವಿನ ವರ್ಣದ್ರವ್ಯ. ಡಾಲ್ಟನ್ನನಲ್ಲಿ ಕೆಂಪಿನ ಗ್ರಾಹಕ ಇಲ್ಲ ಎಂದು ಯಂಗ್ ಹೇಳಿದ್ದ. ಮೂರರಲ್ಲಿ ಒಂದು ಇಲ್ಲ ಎಂಬುದು ಸರಿಯಾಗಿತ್ತು, ಯಾವುದು ಇಲ್ಲ ಎಂಬುದು ತಪ್ಪಾಗಿತ್ತು.

ತಾತನಿಂದ ಮೊಮ್ಮಗನಿಗೆ

ಭಾಷಣ ಇಲ್ಲಿಗೆ ಬಂದಾಗ ಹಿಂದಿನ ಬೆಂಚಿನಿಂದ ತಾಯಿಯೊಬ್ಬರು ಎದ್ದು ನಿಂತರು. "ಮೇಷ್ಟ್ರೇ, ನಮ್ಮ ಹುಡುಗ ನಕ್ಷೆಯಲ್ಲಿ ಕಾಡಿಗೆ ಕಂದು ಬಣ್ಣ ಹಚ್ಚಿ ಮಾರ್ಕ್ಸ್ ಕಳ್ಕೊಂಡು ಬಂದಿದ್ದ. ಗಮನ ಇಲ್ಲ ಅಂತ ನಾನೂ ಬೈದೆ. ನಮ್ಮ ತಂದೇನೂ ಹಾಗೇ ಇದ್ರು. ಕಾಫಿ ಕುಯ್ಯೋಕೆ ಹೋದ್ರೆ ಹಣ್ಣಿನ ಜೊತೆ ಹಸಿರು ಕಾಯೀನೂ ಕಿತ್ತು ಹಾಕೋರು. ಎಲ್ಲ ನಗೋರು. ಆದ್ರೆ ನಂಗೆ ಬಣ್ಣ ಚೆನ್ನಾಗೇ ಕಾಣತ್ತೆ. ಅವರದು ಇವನಿಗೆ ಹೇಗೆ ಬರೋಕೆ ಸಾಧ್ಯ?"

"ಇದೇ ಕಾಯಿಲೆ ಅಂತ ಇಲ್ಲಿ ನಿಂತು ನಾನು ಹೇಳಲಾರೆ ಅಮ್ಮಾ, ಕಣ್ಣಿನ ಡಾಕ್ಟರು ನೋಡಬೇಕು. ಕಾಯಿಲೆ ಅನ್ನೋ ಮಾತೂ ಸರಿಯಲ್ಲ, ಇದು ಹುಟ್ಟಿನಿಂದ ಬಂದದ್ದು. ಆದರೆ ತಾತನಿಂದ ಮಗಳ ಮೂಲಕ ಮೊಮ್ಮಗನಿಗೆ ಬರುವುದೇ ಇದರ ಮಾಮೂಲಿ ದಾರಿ" ಎಂದರು ಮೇಷ್ಟ್ರು.

ಉದ್ದಲೆ ಮತ್ತು ನಡುವಲೆ ವರ್ಣದ್ರವ್ಯಗಳ ಜೀನುಗಳನ್ನು ಜೆರೆಮಿ ನೇಥನ್ಸ್ ಮತ್ತು ಸಂಗಡಿಗರು 1986ರಲ್ಲಿ ಪತ್ತೆಮಾಡಿದರು. ಅವೆರಡೂ ಎಕ್ಸ್ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿವೆ, ಅವಳಿಗಳಂತೆ ಬಹಳ ಹೋಲುತ್ತವೆ. ತಾಯಿಯ ದೇಹದಲ್ಲಿ ಅಂಡಾಣು ತಯಾರಾಗುವಾಗ ಎರಡು ಎಕ್ಸ್ ವರ್ಣತಂತುಗಳು ಒಂದರ ಪಕ್ಕ ಒಂದು ಬಂದು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಜೀನುಗಳು ಇಷ್ಟು ಹೋಲುವುದರಿಂದ ಒಮ್ಮೊಮ್ಮೆ ಜೋಡಣೆ ತಪ್ಪುತ್ತದೆ. ಆಗ ಒಂದು ತಂತುವಿಗೆ ಜೀನು ಹೆಚ್ಚಾಗಿ ಬಂದು, ಇನ್ನೊಂದರಲ್ಲಿ ಕಳೆದುಹೋಗುತ್ತದೆ. ಇಲ್ಲವೇ ಎರಡೂ ಬೆರೆತ ಜೀನೊಂದು ಹುಟ್ಟುತ್ತದೆ. ಬೆರೆತ ಜೀನಿದ್ದವರಲ್ಲಿ ಶಂಕುಗಳು ಮೂರು ಬಗೆಯಲ್ಲೇ ಇರಬಹುದು, ಆದರೆ ಎರಡು ಬಗೆಗಳು ತೀರ ಒಂದೇ ತರಹ ಎಣಿಸುತ್ತವೆ. ವರ್ಣದೋಷ ಉಳ್ಳವರಲ್ಲಿ ಹೆಚ್ಚಿನವರು ಇಂಥ ಅರೆಬರೆ ದೋಷದವರೇ.

ಗಂಡಸಿನಲ್ಲಿ ಎಕ್ಸ್ ವರ್ಣತಂತು ಒಂದೇ. ಅದರಲ್ಲಿ ಜೀನು ತಪ್ಪಿದರೆ ಬದಲಿ ಇಲ್ಲ. ಹೆಂಗಸಿನಲ್ಲಿ ಎರಡಿವೆ. ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ಮಗಳಿಗೆ ತಂದೆಯ ಎಕ್ಸ್ ಖಂಡಿತ ಬರುತ್ತದೆ, ಆದರೆ ಅವಳಿಗೆ ಅದರ ಬಾಧೆಯಿಲ್ಲ. ಅವಳ ಗಂಡುಮಕ್ಕಳಲ್ಲಿ ಒಬ್ಬೊಬ್ಬನಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ಯೂರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು-ಹಸಿರು ದೋಷವಿದೆ. ಹೆಂಗಸರಲ್ಲಿ ಅದು ಇನ್ನೂರಕ್ಕೆ ಒಬ್ಬರಷ್ಟು. ಭಾರತದಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ, ಆದರೂ ದೊಡ್ಡ ತರಗತಿಯೊಂದರಲ್ಲಿ ಇಂಥ ಹುಡುಗನೊಬ್ಬ ಇದ್ದರೆ ಆಶ್ಚರ್ಯಪಡಬೇಕಿಲ್ಲ.

ಮನೆಯಲ್ಲಿ ತಿಳಿಯುವುದು ಹೇಗೆ?

"ಇದು ಯಾವ ಬಣ್ಣ?" ಎಂದು ಕೇಳಿ ಮಗುವನ್ನು ಪರೀಕ್ಷಿಸಿದರೆ ದೋಷ ಸಿಕ್ಕುವುದಿಲ್ಲ. ಎಲೆ ಹಸಿರು, ಟೊಮೇಟೊ ಕೆಂಪು ಎಂದು ಅದು ಬಾಯಿಪಾಠದಿಂದಲೇ ಹೇಳುತ್ತದೆ. ವಸ್ತುವಿನ ಹೊಳಪು ನೋಡಿ ಬಣ್ಣ ಊಹಿಸುವುದನ್ನೂ ಕಲಿತಿರುತ್ತದೆ. ನೋಡಬೇಕಾದದ್ದು ಬೇರೆ: ಹಸಿರೆಲೆಯ ನಡುವಿನ ಕೆಂಪು ಹಣ್ಣು ಅದರ ಕಣ್ಣಿಗೆ ತಟ್ಟನೆ ಬೀಳುತ್ತದೆಯೇ? ಕ್ರೇಯಾನಿನ ಮೇಲಿನ ಹೆಸರಿನ ಕಾಗದ ಹರಿದುಹೋದ ಮೇಲೆ ಕಂದು ಮತ್ತು ಹಸಿರನ್ನು ಅದಲುಬದಲು ಮಾಡುತ್ತದೆಯೇ? ನೇರಳೆ ಬಣ್ಣವನ್ನು ನೀಲಿ ಎನ್ನುತ್ತದೆಯೇ? ಇಂಥದ್ದು ಮತ್ತೆ ಮತ್ತೆ ಕಂಡರೆ ಕಣ್ಣಿನ ವೈದ್ಯರಲ್ಲಿ ಇಶಿಹಾರ ಪುಸ್ತಕವಿರುತ್ತದೆ. ಜಪಾನಿನ ಶಿನೋಬು ಇಶಿಹಾರ 1917ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯಲ್ಲಿ ಬಣ್ಣದ ಚುಕ್ಕಿಗಳ ನಡುವೆ ಅಂಕಿಗಳು ಅಡಗಿವೆ. ಚುಕ್ಕಿಗಳ ಹೊಳಪನ್ನು ಬೇಕೆಂದೇ ಹೆಚ್ಚುಕಡಿಮೆ ಮಾಡಿರುವುದರಿಂದ ಊಹೆಯ ಆಟ ಅಲ್ಲಿ ನಡೆಯದು. ಫೋನಿನ ಪರದೆಯ ಮೇಲೆ ಇದೇ ಚಿತ್ರಗಳನ್ನು ತೋರಿಸಿ ತೀರ್ಮಾನಕ್ಕೆ ಬರಬಾರದು. ಒಂದೊಂದು ಪರದೆಯ ಬಣ್ಣ ಒಂದೊಂದು ತರಹ.

ಹುಟ್ಟಿನಿಂದ ಬಂದ ದೋಷವನ್ನು ಹೋಗಲಾಡಿಸುವ ಔಷಧಿಯಿಲ್ಲ. ಬಣ್ಣದ ಕನ್ನಡಕಗಳು ಕೆಲವು ಅಲೆಗಳನ್ನು ತಡೆದು ಎರಡು ಬಣ್ಣಗಳ ಅಂತರವನ್ನು ಎತ್ತಿ ತೋರಿಸಬಹುದು, ಇಲ್ಲದ ಶಂಕುವನ್ನು ಕೊಡಲಾರವು. ಅಮೆರಿಕದ ವಿಜ್ಞಾನಿಗಳು ಹುಟ್ಟು ವರ್ಣಾಂಧರಾದ ಎರಡು ಅಳಿಲುಕೋತಿಗಳ ಕಣ್ಣಿಗೆ ಇಲ್ಲದ ಜೀನನ್ನು ಸೇರಿಸಿ, ಅವು ಕೆಂಪು ಹಸಿರುಗಳನ್ನು ಬೇರ್ಪಡಿಸುವಂತೆ ಮಾಡಿದ್ದನ್ನು 2009ರಲ್ಲಿ ಪ್ರಕಟಿಸಿದರು. ಒಂದು ಕೋತಿಯ ಹೆಸರು ಡಾಲ್ಟನ್. ಮನುಷ್ಯರಿಗೆ ಅದು ಸಾಮಾನ್ಯ ಚಿಕಿತ್ಸೆಯಾಗಿ ಬಂದಿಲ್ಲ.

ಆದರೆ ಬೇಗ ತಿಳಿದುಕೊಂಡರೆ ಲಾಭವಿದೆ. ರೈಲು ಓಡಿಸುವ ಹುದ್ದೆಗೂ ವಿಮಾನ ಚಾಲಕರ ಹುದ್ದೆಗೂ ಬಣ್ಣದ ದೃಷ್ಟಿಯ ಪರೀಕ್ಷೆಯಿದೆ. ಪಿಯುಸಿ ಮುಗಿಸಿ, ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಕೊನೆಗೆ ವೈದ್ಯಕೀಯ ತಪಾಸಣೆಯಲ್ಲಿ ಹಿಂದೆ ಬರುವುದಕ್ಕಿಂತ ಹೈಸ್ಕೂಲಿನಲ್ಲೇ ಗೊತ್ತಾಗುವುದು ಮೇಲು. ರಸ್ತೆಯ ವಾಹನಗಳ ಮಟ್ಟಿಗೆ ನಿಯಮ ಸಡಿಲವಾಗಿದೆ. ಅಲ್ಪ ಮತ್ತು ಮಧ್ಯಮ ಪ್ರಮಾಣದ ವರ್ಣದೋಷವಿದ್ದವರಿಗೆ ಚಾಲನಾ ಪರವಾನಗಿ ಕೊಡಲು ಕೇಂದ್ರ ಸರ್ಕಾರ 2020ರಲ್ಲಿ ಅವಕಾಶ ಮಾಡಿತು.

ತರಗತಿಯಲ್ಲಿ ಬೇಕಾದದ್ದು ಇನ್ನೂ ಸುಲಭ. ನಕ್ಷೆಯಲ್ಲಿ ಕಾಡಿಗೆ ಅಡ್ಡಗೆರೆ, ಮರುಭೂಮಿಗೆ ಚುಕ್ಕಿ ಎಂದು ಗುರುತು ಸೇರಿಸಬಹುದು. ಹಲಗೆಯ ಮೇಲೆ ಕೆಂಪು ಸುಣ್ಣದ ಕಡ್ಡಿಯಲ್ಲಿ ಬರೆಯುವ ಬದಲು ಬಿಳಿಯಲ್ಲಿ ಬರೆದು ಅಡಿಗೆರೆ ಎಳೆಯಬಹುದು. ಕ್ರೇಯಾನುಗಳಿಗೆ ಹೆಸರಿನ ಚೀಟಿ ಅಂಟಿಸಬಹುದು. ಕಾಡಿಗೆ ಕಂದು ಬಣ್ಣ ಹಚ್ಚಿದ ಹುಡುಗನ ಗಮನದಲ್ಲಿ ಕೊರತೆ ಇಲ್ಲದಿರಬಹುದು. ಅವನ ಕೈಯಲ್ಲಿದ್ದ ಎರಡು ಕಡ್ಡಿಗಳು ಅವನ ಶಂಕುಗಳಲ್ಲಿ ಮೂಡಿಸಿದ ಎಣಿಕೆ ಒಂದೇ ಆಗಿದ್ದರೆ, ಅವನು ಯಾವುದನ್ನು ಆರಿಸಿಕೊಂಡರೂ ಅದು ಅವನ ಪಾಲಿಗೆ ಕಾಡಿನ ಬಣ್ಣವೇ.